ಡೈರಿಯ ಹೊತ್ತುಸುದೋ, ಮಡಗುದೋ?

ಡೈರಿ ಬರವ ಹೆಮ್ಮಕ್ಕೊ ನಮ್ಮಲ್ಲಿ ಗ್ರೇಶಿದ್ದಕ್ಕಿಂತ ಜಾಸ್ತಿ ಇದ್ದವು. ಹೇಳಿಗೊಂಬದು ಕಮ್ಮಿ, ಅಷ್ಟೆ. ಕೆಲವು ಜೆನ ಸೊಸೈಟಿಂದ ಕೊಡುವ ವರ್ಷದ ಡೈರಿಲಿ ಬರೆತ್ತವು, ಕೆಲವು ಜೆನ ಮಕ್ಕಳ ಶಾಲೆ ಪುಸ್ತಕಲ್ಲಿ ಒಳುದ ಪುಟಂಗಳಲ್ಲಿ, ಇನ್ನು ಕೆಲವು ಜೆನ ಹಾಲಿನ ಲೆಕ್ಕದ ಪುಸ್ತಕದ ಹಿಂದಾಣ ಹೊಡೆಲಿ. ಪ್ರಾಯ ಐವತ್ತು ದಾಂಟಿಯಪ್ಪಗ ಎಲ್ಲೋರಿಂಗೂ ಒಂದೇ ಪ್ರಶ್ನೆ ಬಪ್ಪದು: ಆನು ಹೋದ ಮತ್ತೆ ಇದರ ಆರು ಓದುಗು? ಕೂಡ್ಳೆ ಬಪ್ಪ ಉತ್ತರ ಎರಡೇ. ಒಂದು, ಬೀಗ ಹಾಕಿ ಮಡಗುದು. ಇನ್ನೊಂದು, ಬೆಶಿನೀರ ಒಲಗೆ ಹಾಕುದು. ಎನಗೆ ಎರಡೂ ಸಮ ಕಾಣ್ತಿಲ್ಲೆ. ಎಂತಕೆ ಹೇಳಿ ಹೇಳ್ತೆ, ಎನ್ನ ಹತ್ತರೆ ಇಪ್ಪ ಮೂವತ್ತೊಂದು ಡೈರಿಗೆ ಎಂತ ಮಾಡಿದೆ ಹೇಳಿಯೂ ಹೇಳ್ತೆ.

ಸುರುವಿಂಗೆ ಬೀಗದ ವಿಷಯ. ಒಂದು ಮನೆಲಿ ಹೆರಿಯವು ತೀರಿಹೋದ ದಿನ ಎಂತ ಆವುತ್ತು ಹೇಳಿ ನಿಂಗೊ ಎಲ್ಲೋರೂ ನೋಡಿದ್ದಿ. ಮದಲು ತೆಗವದೇ ಅವರ ಕಪಾಟು. ಹೊದೆಶಲೆ ಸೀರೆ ಬೇಕು, ಪೇಪರಿಂಗೆ ಕೊಡ್ಲೆ ಫೊಟೊ ಬೇಕು, ಮರಣ ಸರ್ಟಿಫಿಕೇಟಿಂಗೆ ಆಧಾರ್ ಕಾರ್ಡು ಬೇಕು. ಮಗಳೇ ತೆಗೆಯೆಕ್ಕು ಹೇಳಿ ಎಂತ ಇಲ್ಲೆ. ಆ ಗಡಿಬಿಡಿಲಿ ಆರ ಕೈಗೆ ಬೀಗದಕೈ ಸಿಕ್ಕಿತ್ತೋ ಅವು ತೆಗೆತ್ತವು. ಪಾಸ್‌ಬುಕ್ಕು ಇಪ್ಪ ಖಾನೆಲಿಯೇ ಡೈರಿಯೂ ಇದ್ದರೆ ಅದು ಅಂದೇ ಹೆರ ಬಂತು ಹೇಳಿ ಲೆಕ್ಕ.

ಹಾಂಗಾರೆ ಬೇರೆ ಪೆಟ್ಟಿಗೆಲಿ ಹಾಕಿ ಬೀಗ ಹಾಕುವ ಹೇಳಿ ಕಾಂಗು. ಬೀಗ ಹಾಕಿದ ಪೆಟ್ಟಿಗೆ ಹೇಳಿರೆ ನಮ್ಮೋರ ಲೆಕ್ಕಲ್ಲಿ ಒಳ ಚಿನ್ನ ಇದ್ದು ಹೇಳಿ ಅರ್ಥ. ಬೊಜ್ಜ ಕಳುದ ಮತ್ತೆ ಅದರ ಒಡದು ತೆಗವಲೇ ತೆಗಗು, ಅದೂ ಮಕ್ಕೊ, ಸೊಸೆಕ್ಕೊ, ಭಾವಂದ್ರು ಎಲ್ಲೋರ ಎದುರು, ಮತ್ತೆ ಮಾತು ಬಪ್ಪಲಾಗ ಹೇಳಿ. ಅದೇ ಡೈರಿ ಹಳೆ ಸೀರೆಗಳ ಗೋಣಿಲಿ ಇದ್ದಿದ್ದರೆ ಒಂದು ಜೆನ ನೋಡ್ತಿತ್ತು. ಬೀಗಂದಾಗಿ ಹದಿನೈದು ಜೆನ ನೋಡಿದವು.

ಬೇಂಕಿನ ಲಾಕರಿಂಗೆ ಹಾಕಿರೆ ಆಗದೋ ಹೇಳಿ ಎನ್ನ ತಂಗೆ ಕೇಳಿತ್ತು. ಲಾಕರು ಇಪ್ಪವು ತೀರಿಹೋದರೆ, ನಾಮಿನಿಗೆ ಕೊಡುವ ಮದಲು ಬೇಂಕಿನವು ಸಾಕ್ಷಿಗಳ ಎದುರು ಒಳ ಎಂತೆಲ್ಲ ಇದ್ದು ಹೇಳಿ ಪಟ್ಟಿ ಮಾಡ್ತವು. ಮೊಹರು ಹಾಕಿದ ಕಟ್ಟಿನ ಅವು ಬಿಚ್ಚಿ ನೋಡೆಕ್ಕು ಹೇಳಿ ನಿಯಮ ಇಲ್ಲೆ, ಅಷ್ಟು ಸಮಾಧಾನ. ಆದರೆ ಕಟ್ಟು ಹೋಪದು ನಾಮಿನಿಯ ಕೈಗೆ. ನಮ್ಮಲ್ಲಿ ಹೆಚ್ಚಿನವರ ನಾಮಿನಿ ಗೆಂಡ. ಡೈರಿಲಿ ಅವರದ್ದೇ ವಿಷಯ ಇದ್ದರೆ, ವರ್ಷ ವರ್ಷ ಬಾಡಿಗೆ ಕೊಟ್ಟು ಅದರ ಜೋಪಾನಲ್ಲಿ ಅವಕ್ಕೇ ಮುಟ್ಟಿಸಿದ ಹಾಂಗಾತು!

ಕಾನೂನು ನೋಡಿರೂ ಅಷ್ಟೆ. ಎಂತದೂ ಬರದು ಮಡಗದ್ದೆ ಹೋದರೆ ನಮ್ಮ ಸೀರೆ, ಪಾತ್ರೆ, ಡೈರಿ ಎಲ್ಲವೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಸುರುವಿಂಗೆ ಗೆಂಡಂಗೂ ಮಕ್ಕೊಗೂ ಒಟ್ಟಿಂಗೆ ಹೋಪದು. ಮಗಳಿಂಗೆ ಮಾಂತ್ರ ಹೇಳಿ ಮನಸ್ಸಿಲಿ ಗ್ರೇಶಿಗೊಂಡರೆ ಸಾಲ.

ಇನ್ನು ಹೊತ್ತುಸುವ ವಿಷಯ. ಅದುದೇ ಕಾಂಬಷ್ಟು ಸುಲಭ ಅಲ್ಲ. ಒಂದು ಡೈರಿಯ ಇಡೀ ಒಲಗೆ ಹಾಕಿರೆ ಅದು ಹೊತ್ತುತ್ತಿಲ್ಲೆ. ಪುಟಂಗೊ ಒಂದಕ್ಕೊಂದು ಒತ್ತಿಗೊಂಡು ಇಪ್ಪ ಕಾರಣ ಎಡೆಲಿ ಗಾಳಿ ಹೋವುತ್ತಿಲ್ಲೆ. ಸುತ್ತ ಕರಿ ಆವುತ್ತು, ರೆಗ್ಸಿನಿನ ರಟ್ಟು ಕೆಟ್ಟ ವಾಸನೆಲಿ ಹೊಗೆ ಕೊಡ್ತು, ನೆಡುಕಾಣ ಭಾಗ ಹಾಂಗೇ ಒಳಿತ್ತು. ಮರದಿನ ಬೂದಿ ತೆಗವಲೆ ಬಂದ ಕೆಲಸದೋಳಿಂಗೆ ಸಿಕ್ಕುದು ಆ ನೆಡುಕಾಣ ಭಾಗವೇ. ರಟ್ಟು ತೆಗದು, ಹೊಲಿಗೆ ಬಿಚ್ಚಿ, ಒಂದೊಂದೇ ಪುಟವ ಮುದ್ದೆ ಮಾಡಿ ಹಾಕೆಕ್ಕು. ಕರಿ ಆದ ಪುಟ ಕೂಡ ಹರಿಯದ್ದೆ ಒಳುದರೆ ಅಕ್ಷರ ಕಾಣ್ತು. ಕಪ್ಪಿನ ಮೇಗೆ ಶಾಯಿ ಹೊಳದ ಹಾಂಗೆ ಇರ್ತು. ಹಾಂಗಾಗಿ ಅಕೇರಿಗೆ ಕೋಲಿಲಿ ಕಲಸಿ ಹೊಡಿ ಮಾಡೆಕ್ಕು. ಪೇಟೆ ಮನೆಲಿ ಒಲೆ ಇಲ್ಲದ್ದವು ಪುಟಂಗಳ ಹರುದು ಬಾಲ್ದಿ ನೀರಿಲಿ ಎರಡು ದಿನ ಬೊದುಲಿಸಿ, ಹಿಟ್ಟು ನಾದಿದ ಹಾಂಗೆ ನಾದಿರೆ ಸಾಕು. ಬಾಲ್ ಪೆನ್ನಿನ ಶಾಯಿ ನೀರಿಲಿ ಕರಗ, ಆದರೆ ಕಾಗತವೇ ನಾರು ನಾರು ಆಗಿ ಹೋದ ಮತ್ತೆ ಅಕ್ಷರ ಎಲ್ಲಿಂದ? ಗುಜರಿಯವಂಗೆ ಮಾಂತ್ರ ತೂಗಿ ಕೊಡ್ಲಾಗ. ನಮ್ಮ ಮನೆ ಸುದ್ದಿಲಿ ಆರಾರು ನೆಲಕಡಲೆ ಕಟ್ಟಿಸಿಗೊಂಡು ತಿಂಗು.

ಇದು ಹೊತ್ತುಸುವ ಕ್ರಮ. ಹೊತ್ತುಸೆಕ್ಕೋ ಹೇಳುದು ಬೇರೆ ಮಾತು. ಸಿಲ್ವಿಯಾ ಪ್ಲಾತ್ ಹೇಳಿ ಅಮೇರಿಕದ ಒಂದು ಕವಯಿತ್ರಿ ಇದ್ದತ್ತು. ಅದು 1963ರಲ್ಲಿ ಜೀವ ಕಳಕ್ಕೊಂಡಪ್ಪಗ ಮಕ್ಕೊ ಇಬ್ರೂ ತೀರಾ ಸಣ್ಣ. ಅದರ ಅಕೇರಿಯಾಣ ದಿನಂಗಳ ಡೈರಿಯ ಗೆಂಡ ಟೆಡ್ ಹ್ಯೂಸ್ ನಾಶ ಮಾಡಿದವು. ಮಕ್ಕೊ ಅದರ ಓದುವ ಹಾಂಗೆ ಅಪ್ಪಲಾಗ ಹೇಳಿ ಮಾಡಿದ್ದು ಹೇಳಿ ಅವ್ವೇ ಮತ್ತೆ 1982ರಲ್ಲಿ ಬರದವು. ಮಕ್ಕಳ ಮೇಗಾಣ ಪ್ರೀತಿಲಿಯೇ ಮಾಡಿಕ್ಕು. ಆದರೆ ಆ ಡೈರಿಲಿ ಗೆಂಡನ ವಿಷಯವೂ ಇದ್ದಿಕ್ಕು, ಅಲ್ಲದೋ? ಹೊತ್ತುಸಿದವನೂ, ಹೊತ್ತುಸಿರೆ ಲಾಭ ಆವುತ್ತವನೂ ಒಬ್ಬನೇ ಆದರೆ ಜೆನಕ್ಕೆ ಸಂಶಯ ಹೋವುತ್ತಿಲ್ಲೆ. ಇಷ್ಟು ವರ್ಷ ಆದರೂ ಹೋಯಿದಿಲ್ಲೆ. ಹಾಂಗಾಗಿ ಹೊತ್ತುಸುವ ಕೆಲಸವ ಮತ್ತಾಣವಕ್ಕೆ ಬಿಡ್ಲಾಗ ಹೇಳುದು ಎನ್ನ ಅಭಿಪ್ರಾಯ. ಬೇಡದ್ದರ ನಾವೇ ತೆಗೆಯೆಕ್ಕು, ಕಣ್ಣು ಕಾಂಬಗಳೇ.

ಈಗ ಎನ್ನ ಮೂವತ್ತೊಂದರ ಕತೆ. ಮದುವೆ ಆದ ವರ್ಷ, 1990ರಲ್ಲಿ, ಸುರು ಮಾಡಿದ್ದು. ಎಡೆಲಿ ಕೆಲವು ವರ್ಷ ಬರದ್ದಿಲ್ಲೆ. ಕಳುದ ಆಟಿಲಿ, ಹೆರ ಮಳೆ ಸುರಿವಗ, ಮಧ್ಯಾಹ್ನ ಊಟ ಕಳುದ ಮತ್ತೆ ಒಂದೊಂದನ್ನೇ ಓದಲೆ ಕೂದೆ. ನಾಲ್ಕನ್ನು ಒರಳೆ ತಿಂದಿದ್ದು, ಅದಕ್ಕೆ ನಿರ್ಧಾರ ಮಾಡುವ ಕಷ್ಟವೇ ಇಲ್ಲೆ.

ಓದುವಗ ಒಂದು ವಿಷಯ ಗೊಂತಾತು. 1998ರ ಡೈರಿಲಿ ಲೆಕ್ಕ ಹಾಕಿದೆ: ಬರದ ಪುಟ 212. ಅದರಲ್ಲಿ 160 ಪುಟ ಹಾಲಿನ ಲೆಕ್ಕ, ಅಡಕ್ಕೆ ಸೊಲಿವವರ ಸಂಬಳ, ದನ ಗಬ್ಬ ಆದ ತಾರೀಕು, ಬಂದ ನೆಂಟ್ರು. 30 ಪುಟ ಮಕ್ಕಳ ಜ್ವರ, ಮದ್ದು, ಶಾಲೆ. ಒಳುದ 22 ಪುಟ ಪಿಸುರು. ವರ್ಷ ಇಡೀ ಪಿಸುರು ಇಪ್ಪದು 22 ದಿನ ಮಾಂತ್ರ, ಆದರೆ ಆ ಪುಟಂಗೊ ಮೇಗಂದ ಕೆಳಂಗೆ ತುಂಬಿದ್ದು, ಕರೆಲಿಯೂ ಬರದ್ದೆ. ಕೊಶಿ ಆದ ದಿನ ಬರವಲೆ ಪುರುಸೊತ್ತೇ ಇರ್ತಿಲ್ಲೆ. ಮಗಳ ಮದುವೆ ದಿನ ಎಂತ ಬರದ್ದೆ ಹೇಳಿ ಹುಡ್ಕಿದೆ. ಒಂದೇ ಗೆರೆ ಇದ್ದು: ಮದುವೆ ಸುಧರಿಕೆ ಆತು, ಎಲೆ 640. ಅಷ್ಟೇ. ಎಂಗಳ ಜಾಲಿಲಿ ಆ ದಿನ ಇದ್ದ ಸಂತೋಷದ ಒಂದು ಅಕ್ಷರ ಇಲ್ಲೆ. ಅದೇ ವರ್ಷ, ಮೂರು ತಿಂಗಳು ಕಳುದು ಕುಕ್ಕರಿನ ವಿಷಯಲ್ಲಿ ಇವರ ಹತ್ತರೆ ಜಗಳ ಆದ್ದಕ್ಕೆ ಎರಡೂವರೆ ಪುಟ.

ಮತ್ತೆ ಓದುವವಕ್ಕೆ ಸಿಕ್ಕುದು ಇದೇ. ಅಮ್ಮ ಇಡೀ ಜೀವನ ಕೋಪಲ್ಲಿಯೇ ಕಳದ್ದು ಹೇಳಿ ಮಕ್ಕೊ ಗ್ರೇಶುಗು. ಹಾಂಗೆ ಹೇಳಿ 22 ಪುಟವ ತೆಗದು 190 ಪುಟ ಒಳುಶಿರೆ ಅದುದೇ ಸತ್ಯ ಅಲ್ಲ, ಪಿಸುರು ಬಂದದ್ದು ಅಪ್ಪು. ಕುಕ್ಕರಿನ ಜಗಳ ಇರಳಿ ಹೇಳಿ ಬಿಟ್ಟೆ. ಎನ್ನ ಕೋಪ, ಎನ್ನ ಬೇಜಾರು ಎನ್ನದು. ಅದರ ಮಡಗಲೂ ಬಿಡ್ಲೂ ಎನಗೆ ಹಕ್ಕಿದ್ದು.

ಆದರೆ ಡೈರಿಲಿ ನಮ್ಮದಲ್ಲದ್ದೂ ಇರ್ತು. ಹೆಮ್ಮಕ್ಕೊ ಒಬ್ಬಕ್ಕೊಬ್ಬ ಹೇಳಿಗೊಂಡದ್ದು. ಒಂದು ಕೂಸಿನ ವಿಷಯ ಅದರ ಅಬ್ಬೆ ಎನ್ನ ಹತ್ತರೆ ಮಾಂತ್ರ ಹೇಳಿ ಕೂಗಿತ್ತು, ಇಪ್ಪತ್ತು ವರ್ಷ ಮದಲು. ಆ ಇರುಳು ಒರಕ್ಕು ಬಾರದ್ದೆ ಆನು ಬರದು ಮಡಗಿದ್ದೆ. ಆ ಕೂಸು ಈಗ ಎರಡು ಮಕ್ಕಳ ಅಬ್ಬೆ, ಎಂಗಳ ಮನೆಗೆ ಬಂದು ಹೋವುತ್ತಾ ಇರ್ತು. ಈ ಪುಟದ ವಿಷಯಲ್ಲಿ ಎನಗೆ ಎರಡು ಮನಸ್ಸು ಬಯಿಂದಿಲ್ಲೆ. ಅದು ಎನ್ನ ಹತ್ತರೆ ಮಡಗಲೆ ಕೊಟ್ಟ ಮಾತು. ಎನ್ನ ಮಕ್ಕೊಗೆ ಆಸ್ತಿ ಅಪ್ಪಲಾಗ. ಮೂವತ್ತೊಂದು ಡೈರಿಲಿ ಇಂಥ ಪುಟ ಹದಿನಾಲ್ಕು ಸಿಕ್ಕಿತ್ತು.

ಅದರ ತೆಗವಲೂ ಕ್ರಮ ಇದ್ದು. ಹೊಲುದ ಡೈರಿಲಿ ಒಂದು ಪುಟವ ಹರುದು ಎಳದರೆ ಅದರ ಜತೆಯಾಣ ಪುಟ ಇನ್ನೊಂದು ಹೊಡೆಲಿ ಸಡ್ಳ ಆಗಿ ಬೀಳ್ತು. ಬ್ಲೇಡಿಲಿ, ಹೊಲಿಗೆಂದ ಒಂದು ಬೆರಳಗಲ ಬಿಟ್ಟು ಕೊಯ್ಯೆಕ್ಕು. ಗೀಚಿ ಕಪ್ಪು ಮಾಡಿರೆ ಪ್ರಯೋಜನ ಇಲ್ಲೆ. ಬಾಲ್ ಪೆನ್ನಿಲಿ ಒತ್ತಿ ಬರದರೆ ಅಡಿಯಾಣ ಪುಟಲ್ಲಿಯೂ ಅಚ್ಚು ಬೀಳ್ತು, ಟಾರ್ಚಿನ ಓರೆ ಹಿಡುದರೆ ಅಕ್ಷರ ಎದ್ದು ಕಾಣ್ತು. ಎನ್ನದು ಒತ್ತಿ ಬರವ ಕೈ, ಹಾಂಗಾಗಿ ಎರಡು ಕಡೆ ಅಡಿಯಾಣ ಪುಟವನ್ನೂ ತೆಗದೆ. ಕಾಗತ ಅಂಟುಸಿರೆ ಆಗದೋ ಹೇಳಿರೆ, ಅದುದೇ ನಿಂಬಲಿಲ್ಲೆ. ಆನ್ ಫ್ರಾಂಕ್ ಹೇಳಿ ಕೂಸು, ಹಿಟ್ಲರನ ಕಾಲಲ್ಲಿ ಆಂಸ್ಟರ್‌ಡ್ಯಾಮಿಲಿ ಅಡಗಿ ಕೂದು ಡೈರಿ ಬರದ್ದು, ನಿಂಗೊಗೆ ಗೊಂತಿಕ್ಕು. ಅದು 1942ರಲ್ಲಿ ಎರಡು ಪುಟಕ್ಕೆ ಆರೂ ಓದಲಾಗ ಹೇಳಿ ಕಂದು ಕಾಗತ ಅಂಟುಸಿತ್ತಿದ್ದು. 2018ರಲ್ಲಿ ಹಿಂದಂದ ಬೆಣಚ್ಚು ಹಾಕಿ ಫೊಟೊ ತೆಗದು ಓದಿದವು. ಎಪ್ಪತ್ತಾರು ವರ್ಷ ಕಳುದು! ಹದಿಮೂರು ವರ್ಷದ ಕೂಸು ಮುಚ್ಚಿದ್ದರ ಓದಿದ್ದು ಎನಗೆ ಸರಿ ಕಂಡಿದಿಲ್ಲೆ, ಆದರೆ ಮುಚ್ಚಿದ್ದು ಮುಚ್ಚಿಯೇ ಒಳಿಯ ಹೇಳುದಕ್ಕೆ ಇದರಿಂದ ದೊಡ್ಡ ಸಾಕ್ಷಿ ಬೇಡ.

ಹದಿನಾಲ್ಕು ಪುಟದ ಕೆಲಸ ಒಂದೇ ಹೊತ್ತೋಪಗ ಮುಗುತ್ತು. ಒಂದು ಪುಟ ಮಾಂತ್ರ ಎನ್ನ ತಿಂಗಳುಗಟ್ಲೆ ಕಾಡಿತ್ತು.

1996ರ ಜುಲೈ. ಎನಗೆ ಎರಡ್ನೇ ಬಾಬೆ ಹುಟ್ಟಿತ್ತು, ಗೆಂಡು ಬಾಬೆ, ದಿನ ತುಂಬುವ ಮದಲೇ. ತೂಕ ಒಂದು ಕಿಲೋ ಏಳ್ನೂರು ಗ್ರಾಂ. ಮೂರು ದಿನ ಇದ್ದತ್ತು. ಫೊಟೊ ಇಲ್ಲೆ, ಹೆಸರು ಮಡಗಿದ್ದಿಲ್ಲೆ, ಮನೆಲಿ ಆ ವಿಷಯ ಮತ್ತೆ ಆರೂ ಮಾತಾಡಿದ್ದಿಲ್ಲೆ. ಆ ಬಾಬೆ ಇದ್ದತ್ತು ಹೇಳುದಕ್ಕೆ ಎನ್ನ ಡೈರಿಯ ಒಂದು ಪುಟ ಬಿಟ್ರೆ ಮನೆಲಿ ಬೇರೆ ಕುರುಹೇ ಇಲ್ಲೆ. ಕೈಬೆರಳು ಹೇಂಗಿದ್ದತ್ತು, ಎಡದ ಕೆಮಿಯ ಹತ್ತರೆ ಒಂದು ಮಚ್ಚೆ ಇದ್ದತ್ತು, ಎಲ್ಲ ಬರದ್ದೆ. ಅದೇ ಪುಟಲ್ಲಿ, ಅದರಿಂದ ನಾಲ್ಕು ಗೆರೆ ಕೆಳ, ಅತ್ತೆ ಎನ್ನತ್ರೆ ಹೇಳಿದ ಮಾತೂ ಇದ್ದು: “ಹೆಸರು ಮಡಗದ್ದ ಬಾಬೆಗೆ ಇಷ್ಟು ಕೂಗುದೆಂತಕೆ ಕೂಸೇ?” ಅದರ ಅಡಿಲಿ ಆನು ಅತ್ತೆಯ ವಿಷಯಲ್ಲಿ ಬರದ್ದರ ಇಲ್ಲಿ ಬರೆತ್ತಿಲ್ಲೆ.

ಮಗಳಿಂಗೆ ಅಂಬಗ ನಾಲ್ಕು ವರ್ಷ. ಅದು ಬೆಳದ್ದೇ ಅಜ್ಜಿಯ ಸೆರಗಿಲಿ. ಅಜ್ಜಿ ತೀರಿಹೋಗಿ ಒಂಬತ್ತು ವರ್ಷ ಆದರೂ ಪರ್ಸಿಲಿ ಅಜ್ಜಿಯ ಫೊಟೊ ಮಡಗಿಗೊಂಡಿದು. ಪುಟವ ಮಡಗಿರೆ ಮಗಳಿಂಗೆ ಅಜ್ಜಿ ಕಳದು ಹೋಕು. ತೆಗದರೆ ಆ ಬಾಬೆ ಎರಡನೇ ಸರ್ತಿ ಕಳದು ಹೋಕು. ಒಂದೇ ಪುಟ, ಬ್ಲೇಡಿಲಿ ಅರ್ಧ ಕೊಯ್ವಲೆ ಎಡಿಯ.

ಬಾಬೆಯ ವಿಷಯವ ಮಾಂತ್ರ ಹೊಸ ಪುಸ್ತಕಲ್ಲಿ ಚೆಂದಕೆ ಬರದು ಹಳತ್ತರ ತೆಗೆ ಹೇಳಿ ಎನ್ನ ಅತ್ತಿಗೆ ಹೇಳಿತ್ತು. ಬುದ್ಧಿವಂತಿಕೆಯ ಮಾತೇ. ಆದರೆ 1996ರಲ್ಲಿ ಇಪ್ಪತ್ತೇಳು ವರ್ಷದ ಆನು, ಕಣ್ಣೀರು ಬಿದ್ದು ಶಾಯಿ ಹರಡಿದ ಪುಟಲ್ಲಿ ಬರದ್ದಕ್ಕೂ, ಈಗ ಕನ್ನಡಕ ಹಾಕಿ ನಕಲು ಮಾಡಿದ್ದಕ್ಕೂ ಸಮ ಇಲ್ಲೆ.

ದಾರಿ ಸಿಕ್ಕಿದ್ದು ಮೇಗೆ ಹೇಳಿದ ಕೂಸಿನ ಡೈರಿಂದಲೇ. ಅದು ಅಬ್ಬೆಯ ಮೇಗೆ ಕೋಪಲ್ಲಿ ಏವೇವದೋ ಬರದಿತ್ತು. 1944ರ ಜನವರಿಲಿ ಹಳೆ ಪುಟಂಗಳ ಮೊಗಚ್ಚಿ ನೋಡುವಗ ಅದಕ್ಕೇ ಗಾಬರಿ ಆತು. ಆದರೆ ಹರುದು ಇಡ್ಕಿದ್ದಿಲ್ಲೆ. ಹಳತ್ತರ ಅಲ್ಲೇ ಬಿಟ್ಟು, ಈಗ ಎಂತ ಕಾಣ್ತು ಹೇಳಿ ಬೇರೆ ತಾರೀಕು ಹಾಕಿ ಬರದತ್ತು. ಡೈರಿಯ ಹಳೆ ಒಂದು ದಿನದ ಅಡಿಲಿಯೂ ಹಾಂಗೇ ತಾರೀಕು ಹಾಕಿ ಸೇರ್ಸಿತ್ತು. ಮತ್ತೆ ಅದರ ಅಪ್ಪ 1947ರಲ್ಲಿ ಅಚ್ಚು ಹಾಕುಸುವಗ, ಅಬ್ಬೆಯ ವಿಷಯಲ್ಲಿ ಕಠಿಣ ಆಗಿದ್ದ ಕೆಲವು ಮಾತುಗಳ ಬಿಟ್ಟವು. ಬಿಟ್ಟದ್ದು ಕಡೆಂಗೆ ಒಂದೊಂದೇ ಹೆರ ಬಂತು. ಅಪ್ಪ ತೆಗದ್ದು ನಿಂದಿದಿಲ್ಲೆ, ಮಗಳು ಸೇರ್ಸಿದ್ದು ನಿಂದತ್ತು.

ಆನುದೇ ಹಾಂಗೆ ಮಾಡಿದೆ. ಡೈರಿಯ ಒಳಾಣ ಗೆರೆಯ ಮುಟ್ಟಿದ್ದಿಲ್ಲೆ. ಬೇರೆ ಒಂದು ಹಾಳೆಲಿ ತಾರೀಕು ಹಾಕಿ ಬರದು, ಆ ಪುಟದ ಒಳ ಬದಿಗೆ ಮೈದಾ ಅಂಟಿಲಿ ಹಚ್ಚಿದೆ. (ಪಿನ್ನು ಹಾಕಲಾಗ, ನಮ್ಮ ಮಳೆಗಾಲಕ್ಕೆ ತುಕ್ಕು ಹಿಡುದು ಕಾಗತವ ತಿಂತು. ಅಂಟಿಂಗೆ ಒಂದು ಚಿಟಿಕೆ ಮೈಲುತುತ್ತು ಹಾಕಿರೆ ಹುಳು ಮುಟ್ಟ.) ಬರದ್ದು ಇಷ್ಟೇ: 2011ರಲ್ಲಿ ಅತ್ತೆ ಮನುಗಿದಲ್ಲೇ ಆದ ಮತ್ತೆ ಒಂದು ದಿನ ಆನು ತಲೆ ಬಾಚುವಗ, ಅವಕ್ಕೆ ಎನ್ನ ಗೆಂಡಂದ ಮದಲು ಎರಡು ಬಾಬೆಗೊ ಹುಟ್ಟಿ ಹೋಯಿದು ಹೇಳಿ ಹೇಳಿದವು. ಎರಡಕ್ಕೂ ಹೆಸರು ಮಡಗುಲೆ ಬಿಟ್ಟಿದವಿಲ್ಲೆಡ. ಕೂಗಲೂ ಬಿಟ್ಟಿದವಿಲ್ಲೆಡ. ಆ ದಿನ ಎನಗೆ ಹೇಳಿದ ಮಾತು, ಅವಕ್ಕೆ ಅವರ ಅತ್ತೆ ಹೇಳಿದ್ದೇ. ಅದರ ಕೇಳಿ ಎನ್ನ ಬೇನೆ ಕಮ್ಮಿ ಆಯಿದಿಲ್ಲೆ, ಅದನ್ನೂ ಬರದ್ದೆ. ಓದುವ ಮಗಳು ಎರಡೂ ಓದಳಿ.

ಇನ್ನೊಂದು ಕೆಲಸ ಒಳುದ್ದು ಕಾನೂನಿಂದು. ವಕೀಲ ಆಗಿಪ್ಪ ಭಾವನ ಮಗನ ಹತ್ತರೆ ಕೇಳಿದೆ. ವೀಲುನಾಮೆ ಬರವಲೆ ಛಾಪಾ ಕಾಗತ ಬೇಕು ಹೇಳಿ ಇಲ್ಲೆ, ರಿಜಿಸ್ಟ್ರಿಯೂ ಕಡ್ಡಾಯ ಅಲ್ಲ, ನಮ್ಮ ದಸ್ಕತ್ತೂ ಎರಡು ಸಾಕ್ಷಿಗಳ ದಸ್ಕತ್ತೂ ಬೇಕು. ಎನ್ನ ಕೈಬರಹದ ಡೈರಿಗೊ ಎನ್ನ ಮಗಳಿಂಗೆ ಹೇಳಿ ಒಂದು ಗೆರೆ ಬರದರೆ, ಪುಸ್ತಕದ ಒಟ್ಟಿಂಗೆ ಅದರ ಅಚ್ಚು ಹಾಕುವ ಹಕ್ಕುದೇ, ಬೇರೆಂತ ಬರದ್ದಿಲ್ಲದ್ದರೆ, ಮಗಳಿಂಗೇ ಹೋವುತ್ತು. 1957ರ ಕಾಪಿರೈಟು ಕಾಯ್ದೆಲಿ ಹಾಂಗೆ ಇದ್ದು. ಎನ್ನ ಡೈರಿಯ ಆರು ಅಚ್ಚು ಹಾಕ್ತವು ಹೇಳಿ ನೆಗೆ ಬಂತು, ಆದರೂ ಬರದೆ. ಆದರೆ ವೀಲುನಾಮೆ ಓದುದು ಬೊಜ್ಜ ಕಳುದ ಮತ್ತೆ, ಕಪಾಟು ತೆಗವದು ಸುರುವಾಣ ದಿನ. ಹಾಂಗಾಗಿ ಡೈರಿಗೊ ಈಗ ಕಪಾಟಿಲಿ ಇಲ್ಲೆ. ಮಗಳಿಂಗೂ ಸೊಸೆಗೂ ಒಟ್ಟಿಂಗೆ ಕೂರ್ಸಿ ಹೇಳಿದ್ದೆ, ಎಲ್ಲಿ ಇದ್ದು, ಆರಿಂಗೆ ಹೇಳಿ. ಸೊಸೆಗೆ ಬೇಜಾರಕ್ಕೋ ಹೇಳಿ ಇತ್ತು. ಅದು, “ಅತ್ತೆ, ಎನಗೆ ಆ ಸಂಬಳದ ಲೆಕ್ಕ ಇಪ್ಪ ಡೈರಿಗೊ ಸಾಕು, ಅಡಕ್ಕೆ ಸೊಲಿವಲೆ ಅಂದು ಎಷ್ಟು ಕೊಟ್ಟುಗೊಂಡಿತ್ತಿದ್ದಿ ಹೇಳಿ ನೋಡೆಕ್ಕು” ಹೇಳಿತ್ತು. ಒಂಬತ್ತು ಡೈರಿ ಬರೇ ಲೆಕ್ಕದ್ದು ಇದ್ದತ್ತು, ಅಂದೇ ಕೊಟ್ಟೆ.

ಇವಕ್ಕೆ ವಿಷಯ ಗೊಂತಾಗಿ, “ಎನ್ನ ವಿಷಯ ಎಂತೆಲ್ಲ ಬರದ್ದೆ?” ಹೇಳಿ ಕೇಳಿದವು. “ಕುಕ್ಕರಿಂದು ಇದ್ದು” ಹೇಳಿದೆ. ರಜ ಹೊತ್ತು ಆಲೋಚನೆ ಮಾಡಿ, “ಅದರಲ್ಲಿ ತಪ್ಪು ಎನ್ನದಲ್ಲ, ನೀನು ಬೇಕಾರೆ ಅದಕ್ಕೂ ಒಂದು ಹಾಳೆ ಹಚ್ಚು” ಹೇಳಿದವು. ಹಚ್ಚಿದ್ದಿಲ್ಲೆ. ಬೇಕಾರೆ ಅವ್ವೇ ಬರದು, ತಾರೀಕು ಹಾಕಿ ಕೊಡಳಿ.